ಎಷ್ಟು ಜೋಡಿ ಹೂಡಬೇಕು?



ಟ್ರ್ಯಾಕ್ಟರ್ ಶೋರೂಮಿಗೆ ಹೋದವನ ಬಾಯಿಂದ ಬರುವ ಮೊದಲ ಪ್ರಶ್ನೆ, ‘ಎಷ್ಟು ಎಚ್.ಪಿ.?’ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಇದೇ ನೆಲದಲ್ಲಿ ಕಿಲಾರಿ ಎತ್ತು ಕಟ್ಟಿದ್ದ ಅಜ್ಜಂದಿರು ಹೀಗೆ ಕೇಳುತ್ತಿರಲಿಲ್ಲ. ಅವರ ಪ್ರಶ್ನೆ, ‘ಈ ಹೊಲಕ್ಕೆ, ಈ ರಂಟಿಗೆ ಎಷ್ಟು ಜೋಡಿ ಹೂಡಬೇಕು?’ ಅವರು ಮೊದಲು ಹೊಲ ನೋಡುತ್ತಿದ್ದರು, ಆಮೇಲೆ ನೇಗಿಲು. ಎತ್ತಿನ ಮಾತು ಕೊನೆಗೆ ಬರುತ್ತಿತ್ತು. ನಾವು ಈ ಸಾಲನ್ನು ತಿರುಗಿಸಿ, ಕೊನೆಯದನ್ನು ಮೊದಲು ಕೇಳುತ್ತಿದ್ದೇವೆ. ಈ ಸಂಕಿರಣದ ಆಶಯವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಅಜ್ಜನ ಸಾಲಿಗೇ ಮರಳೋಣ. ಮೊದಲು ಎಳೆತ, ಆಮೇಲೆ ಗಾಲಿಯ ಮೇಲಿನ ತೂಕ, ಕೊನೆಗೆ ಎಚ್.ಪಿ.

ಒಂದು ಉದಾಹರಣೆ ಹಿಡಿದು ಹೋಗೋಣ. ಕೃಷ್ಣೆಯ ದಂಡೆಯ ಒಂದು ಎರಿ ಹೊಲ. ಕೂಳೆ ಕಬ್ಬು ಮುಗಿದಿದೆ, ನೆಲ ಆಳವಾಗಿ ತೆಗೆದು ಹೊಸ ನಾಟಿಗೆ ಹದ ಮಾಡಬೇಕು. ರೈತನ ಹತ್ತಿರ ಎರಡು ಕುಳದ ಪಲ್ಟಿ ನೇಗಿಲು ಇದೆ. ಒಂದೊಂದು ಕುಳದ ಅಗಲ 14 ಇಂಚು. ಎರಡೂ ಸೇರಿ ಸುಮಾರು 71 ಸೆಂಟಿಮೀಟರ್. ಆಳ 25 ಸೆಂಟಿಮೀಟರ್ ಬೇಕು ಅನ್ನುತ್ತಾನೆ. ಅಂದರೆ ನೇಗಿಲು ಒಂದು ಸಲಕ್ಕೆ ಕತ್ತರಿಸುವ ಮಣ್ಣಿನ ಮುಖ 71 ಗುಣಿಸು 25, ಸುಮಾರು 1,775 ಚದರ ಸೆಂಟಿಮೀಟರ್.

ಈ ಮುಖದ ಒಂದೊಂದು ಚದರ ಸೆಂಟಿಮೀಟರನ್ನು ಕತ್ತರಿಸಲು ಎಷ್ಟು ಬಲ ಬೇಕು? ಅಮೆರಿಕದ ಕೃಷಿ ಎಂಜಿನಿಯರುಗಳ ಸಂಘ ಪಲ್ಟಿ ನೇಗಿಲಿಗೆ ಕೊಟ್ಟಿರುವ ಸೂತ್ರವನ್ನು ಕೃಷಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಾದ ನೀವು ಪಠ್ಯದಲ್ಲಿ ಓದಿದ್ದೀರಿ. ಜಿಗುಟು ಮಣ್ಣಿಗೆ, ಗಂಟೆಗೆ 4 ಕಿಲೋಮೀಟರ್ ವೇಗಕ್ಕೆ ಅದನ್ನು ಬಿಡಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 0.75 ಕೆಜಿ ಬಲ ಬರುತ್ತದೆ. ಹೊಲದಿಂದ ಹೊಲಕ್ಕೆ ಈ ಅಂಕಿ ಶೇ. 40ರಷ್ಟು ಏರಬಹುದು, ಇಳಿಯಬಹುದು ಎಂದು ಆ ಸಂಘವೇ ಹೇಳಿದೆ. ಈ ಎಚ್ಚರಿಕೆಯನ್ನು ಮರೆಯಬೇಡಿ. ಎರಿ ಭೂಮಿಯಲ್ಲಿ ಹದ ತಪ್ಪಿದ ಎರಡು ವಾರಕ್ಕೆ ಅದೇ ಹೊಲ ಬೇರೆ ಹೊಲವಾಗುತ್ತದೆ. ಹಸಿ ಇದ್ದಾಗ ಮಣ್ಣು ಕುಳಕ್ಕೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಹೆಂಟೆ ಎದ್ದು ನೇಗಿಲನ್ನೇ ಮೇಲಕ್ಕೆ ಒಗೆಯುತ್ತದೆ. ಆದ್ದರಿಂದ 0.75 ಅನ್ನುವುದು ಹದವಾಗಿದ್ದ ದಿನದ ಲೆಕ್ಕ.

ಹಾಗಾದರೆ 1,775 ಗುಣಿಸು 0.75, ಸುಮಾರು 1,330 ಕೆಜಿ ಎಳೆತ. ಇದನ್ನು ಅಜ್ಜನ ಭಾಷೆಗೆ ತಿರುಗಿಸಿ ನೋಡಿ. ಎತ್ತು ದಿನವಿಡೀ ದುಡಿಯುವಾಗ ತನ್ನ ತೂಕದ ಸುಮಾರು ಹತ್ತನೆಯ ಒಂದು ಭಾಗದ ಬಲದಲ್ಲಿ ಎಳೆಯುತ್ತದೆ. 450 ಕೆಜಿಯ ಎತ್ತು 45 ಕೆಜಿ, ಜೋಡಿ 90 ಕೆಜಿ. 1,330 ಕೆಜಿಗೆ ಸುಮಾರು 15 ಜೋಡಿ ಬೇಕಾಗುತ್ತದೆ. ಒಂದರ ಹಿಂದೊಂದು ಹೂಡಿದ ಜೋಡಿಗಳು ಪೂರ್ತಿ ಹೊಂದಿ ಎಳೆಯುವುದಿಲ್ಲ, ಹಾಗಾಗಿ ನಿಜದಲ್ಲಿ ಇನ್ನೂ ಹೆಚ್ಚು. ಒಂದು ಟ್ರ್ಯಾಕ್ಟರಿನ ಹಿಂದೆ ನಾವು ಕಟ್ಟುತ್ತಿರುವ ಹೊರೆ ಅಷ್ಟು.

ಈಗ ಶಕ್ತಿಯ ಲೆಕ್ಕ. ಎಳೆತವನ್ನು ಕೆಜಿಯಲ್ಲಿ, ವೇಗವನ್ನು ಗಂಟೆಗೆ ಕಿಲೋಮೀಟರಿನಲ್ಲಿ ಇಟ್ಟುಕೊಂಡು ಗುಣಿಸಿ 270ರಿಂದ ಭಾಗಿಸಿದರೆ ಎಚ್.ಪಿ. ಸಿಗುತ್ತದೆ. 1,330 ಗುಣಿಸು 4 ಭಾಗಿಸು 270, ಸುಮಾರು 20 ಎಚ್.ಪಿ. ಇದು ಕೊಕ್ಕೆಯ ಹತ್ತಿರ ಬೇಕಾದ ಶಕ್ತಿ. ಎಂಜಿನ್ನಿನಿಂದ ಕೊಕ್ಕೆಗೆ ಬರುವ ದಾರಿಯಲ್ಲಿ ಗೇರ್ ತಿನ್ನುತ್ತದೆ, ಗಾಲಿಯ ಜಾರು ತಿನ್ನುತ್ತದೆ, ಮಣ್ಣನ್ನು ತುಳಿದು ಹೋಗುವ ಕೆಲಸವೂ ತಿನ್ನುತ್ತದೆ. ಎರಡು ಗಾಲಿಗಳಿಂದ ಎಳೆಯುವ ಟ್ರ್ಯಾಕ್ಟರ್ ಗಟ್ಟಿ ನೆಲದಲ್ಲಿದ್ದರೆ ಪಿ.ಟಿ.ಒ.ದಲ್ಲಿ ಸಿಗುವ ಶಕ್ತಿಯ ಸುಮಾರು ಶೇ. 72ರಷ್ಟು ಕೊಕ್ಕೆಗೆ ಬರುತ್ತದೆ, ಎಂಜಿನ್ನಿನ ಶಕ್ತಿಯಲ್ಲಿ ಸುಮಾರು ಶೇ. 85ರಷ್ಟು ಪಿ.ಟಿ.ಒ.ಗೆ ಬರುತ್ತದೆ. ಹಿಂದಕ್ಕೆ ಎಣಿಸಿದರೆ 20 ಎಚ್.ಪಿ.ಗೆ ಎಂಜಿನ್ನಿನಲ್ಲಿ ಸುಮಾರು 32 ಎಚ್.ಪಿ. ಬೇಕು. ಗಟ್ಟಿ ತುಣುಕು ಸಿಕ್ಕಾಗ ಉಸಿರು ಕಟ್ಟದ ಹಾಗೆ ಕಾಲು ಭಾಗ ಹೆಚ್ಚಿಗೆ ಇಟ್ಟರೆ 40. ಅಂದರೆ 45 ಎಚ್.ಪಿ. ಟ್ರ್ಯಾಕ್ಟರ್ ಧಾರಾಳವಾಗಿ ಸಾಕು.

ಆದರೆ ಆ 45 ಎಚ್.ಪಿ. ಟ್ರ್ಯಾಕ್ಟರನ್ನು ಹೊಲಕ್ಕಿಳಿಸಿ ಲಿವರ್ ಕೆಳಗೆ ಬಿಟ್ಟು ನೋಡಿ. ಎಂಜಿನ್ ನಿರಾಳವಾಗಿ ಓಡುತ್ತಿರುತ್ತದೆ, ಹಿಂದಿನ ಗಾಲಿಗಳು ಮಾತ್ರ ನಿಂತಲ್ಲೇ ತಿರುಗಿ ಮಣ್ಣು ತೋಡುತ್ತಿರುತ್ತವೆ. ಲೆಕ್ಕ ಎಲ್ಲಿ ತಪ್ಪಿತು? ಎಲ್ಲಿಯೂ ತಪ್ಪಿಲ್ಲ, ಅರ್ಧಕ್ಕೆ ನಿಂತಿದೆ, ಅಷ್ಟೇ. ಎಂಜಿನ್ ಗಾಲಿಯನ್ನು ತಿರುಗಿಸುತ್ತದೆ. ನೇಗಿಲನ್ನು ಎಳೆಯುವುದು ಗಾಲಿ ಮತ್ತು ಮಣ್ಣಿನ ನಡುವಿನ ಹಿಡಿತ, ಮತ್ತು ಆ ಹಿಡಿತ ಬರುವುದು ಗಾಲಿಯ ಮೇಲೆ ಕೂತ ತೂಕದಿಂದ.

ಅಂಥ ಟ್ರ್ಯಾಕ್ಟರಿನ ತೂಕ 2,000 ಕೆಜಿ ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 1,300 ಕೆಜಿ ಹಿಂದಿನ ಗಾಲಿಗಳ ಮೇಲಿರುತ್ತದೆ. ನೇಗಿಲಿನ ಭಾರವೂ ಉಳುವಾಗ ಮುಂದಿನಿಂದ ಹಿಂದಕ್ಕೆ ಜರುಗುವ ಭಾರವೂ ಸೇರಿ 1,900 ಕೆಜಿ ಆಗುತ್ತದೆ ಎಂದು ಎಣಿಸಿ. ಗಟ್ಟಿ ಎರಿಯಲ್ಲಿ ಜಾರು ಶೇ. 15 ದಾಟದ ಹಾಗೆ ಎಳೆಯಬೇಕೆಂದರೆ, ಈ ತೂಕದ ಅರ್ಧದಷ್ಟು ಮಾತ್ರ ಎಳೆತವಾಗಿ ಸಿಗುತ್ತದೆ. ಅಂದರೆ 950 ಕೆಜಿ. ನಮಗೆ ಬೇಕಾದದ್ದು 1,330. ಎಂಜಿನ್ನಿನಲ್ಲಿ ಶಕ್ತಿ ಉಳಿದಿದೆ, ಗಾಲಿಯಲ್ಲಿ ಹಿಡಿತ ಮುಗಿದಿದೆ.

ಈ ಘಟ್ಟದಲ್ಲಿ ನಮ್ಮ ರೈತ ಸಾಮಾನ್ಯವಾಗಿ ಮಾಡುವುದು 60 ಎಚ್.ಪಿ.ಯ ವಿಚಾರ. ಅದು ನೇಗಿಲು ಎಳೆಯುತ್ತದೆ ಕೂಡ. ಆದರೆ ಎಳೆಯುವುದು ತನ್ನ ಹೆಚ್ಚಿನ ತೂಕದಿಂದ, ಎಚ್.ಪಿ.ಯ ಪಾತ್ರ ಅಲ್ಲಿ ಕಡಿಮೆ. ಅದಕ್ಕಿಂತ ಅಗ್ಗದ ದಾರಿಗಳು ಮೂರಿವೆ. ಮೊದಲನೆಯದು, ಇದ್ದ ಗಾಲಿಗೆ ತೂಕ ಕೊಡುವುದು. ಹಿಂದಿನ ಟಯರಿನಲ್ಲಿ ಮುಕ್ಕಾಲು ಭಾಗ ನೀರು ತುಂಬಿದರೆ ಟಯರಿನ ಅಳತೆಯಂತೆ ಒಂದೊಂದಕ್ಕೆ 150ರಿಂದ 200 ಲೀಟರ್ ಹಿಡಿಯುತ್ತದೆ. ಜೊತೆಗೆ ಗಾಲಿಗೆ ಕಬ್ಬಿಣದ ತೂಕದ ಬಿಲ್ಲೆ ಹಾಕಿದರೆ ಹಿಂದಿನ ಭಾರ 2,400 ಕೆಜಿಗೆ ಏರುತ್ತದೆ, ಎಳೆತ 1,200ಕ್ಕೆ ಬರುತ್ತದೆ, 1,330ಕ್ಕೆ ಇನ್ನೂ ಸಾಲದು. ಎರಡನೆಯದು, ಆಳ ತಗ್ಗಿಸುವುದು. 25ರಿಂದ 20 ಸೆಂಟಿಮೀಟರಿಗೆ ಬಂದರೆ ಎಳೆತ ಸುಮಾರು 1,065 ಕೆಜಿಗೆ ಇಳಿಯುತ್ತದೆ. ತೂಕ ಕಟ್ಟಿದ ಅದೇ ಟ್ರ್ಯಾಕ್ಟರ್ ಸಲೀಸಾಗಿ ಹೋಗುತ್ತದೆ. 25 ಸೆಂಟಿಮೀಟರ್ ಬೇಕೇ ಬೇಕು ಅನ್ನುವವನಿಗೆ ಮೂರನೆಯ ದಾರಿ, ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಟ್ರ್ಯಾಕ್ಟರ್. ಅಲ್ಲಿ ಹೆಚ್ಚು ಕಡಿಮೆ ಇಡೀ ತೂಕ ಎಳೆತದ ಕೆಲಸಕ್ಕೆ ಬರುತ್ತದೆ. ನೇಗಿಲು ಸೇರಿ 2,700 ಕೆಜಿ ಇದ್ದರೆ ಅದರ ಅರ್ಧ 1,350. ಎಚ್.ಪಿ. 45ರಲ್ಲೇ ಇದ್ದು, ನೇಗಿಲು ಸರಿಯಾಗಿ ನಡೆಯುತ್ತದೆ. ಕಟ್ಟಿದ ತೂಕವನ್ನು ರಸ್ತೆಯ ಕೆಲಸಕ್ಕೆ, ಬಿತ್ತನೆಗೆ ಹೋಗುವಾಗ ಇಳಿಸಬೇಕು. ಇಲ್ಲದಿದ್ದರೆ ಡೀಸೆಲ್ ಅದನ್ನು ಹೊರುತ್ತದೆ, ಹೊಲ ಒತ್ತಿಕೊಳ್ಳುತ್ತದೆ.

ರೋಟಾವೇಟರ್ ವಿಷಯ ಇದಕ್ಕೆ ತದ್ವಿರುದ್ಧ. ಅದರ ಅಲಗು ಪಿ.ಟಿ.ಒ. ಬಲದಿಂದ ತಿರುಗುತ್ತದೆ ಮತ್ತು ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತದೆ. ಅಲ್ಲಿ ಹಿಡಿತದ ಚಿಂತೆ ಇಲ್ಲ, ಎಂಜಿನ್ನೇ ಪೂರ್ತಿ ದುಡಿಯಬೇಕು. ಅದೇ ಟ್ರ್ಯಾಕ್ಟರ್ ನೇಗಿಲಿಗೆ ತೂಕದಿಂದ ಸೋತು, ರೋಟಾವೇಟರಿಗೆ ಎಚ್.ಪಿ.ಯಿಂದ ಸೋಲಬಹುದು. ಯಾವುದಕ್ಕೆ ಸೋತಿದೆ ಎಂದು ತಿಳಿಯಲು ಸುಲಭ ಗುರುತಿದೆ. ಎಂಜಿನ್ನಿನ ಸದ್ದು ಕುಗ್ಗಿ ಕಪ್ಪು ಹೊಗೆ ಬಂದು ಗಾಲಿ ಜಾರದಿದ್ದರೆ ಶಕ್ತಿ ಸಾಲದು. ಸದ್ದು ಹಾಗೇ ಇದ್ದು ಗಾಲಿ ಜಾರಿದರೆ ತೂಕ ಸಾಲದು.

ಈ ಸೀಮೆಯಲ್ಲಿ ಟ್ರ್ಯಾಕ್ಟರಿನ ಗಾತ್ರವನ್ನು ನೇಗಿಲಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಟ್ರಾಲಿ. ಕಟಾವು ಶುರುವಾದರೆ ಉಗಾರ, ಅಥಣಿ ಕಡೆಯ ಕಾರ್ಖಾನೆಗಳ ದಾರಿಯಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರಾಲಿ ಕಬ್ಬು ಕಾಣುತ್ತದೆ. ಎರಡೂ ಸೇರಿ 20 ಟನ್ ಎಂದು ಲೆಕ್ಕ ಹಾಕಿ. ಡಾಂಬರು ರಸ್ತೆಯಲ್ಲಿ ಉರುಳಲು ತೂಕದ ಸುಮಾರು ಶೇ. 2.5, ಅಂದರೆ 500 ಕೆಜಿ ಎಳೆತ ಸಾಕು. ಗಂಟೆಗೆ 15 ಕಿಲೋಮೀಟರಿಗೆ ಕೊಕ್ಕೆಯಲ್ಲಿ 28 ಎಚ್.ಪಿ. ಆದರೆ ಗದ್ದೆಯ ಮೆತ್ತನೆ ಮಣ್ಣಿನಲ್ಲಿ ಅದು ಶೇ. 10ಕ್ಕೆ ಏರಿದರೆ ಎರಡು ಟ್ರಾಲಿಗೆ 2,000 ಕೆಜಿ ಬೇಕು, ನೇಗಿಲಿಗಿಂತಲೂ ಭಾರ. ಅದಕ್ಕೇ ಚಾಲಕರು ಒಂದೊಂದೇ ಟ್ರಾಲಿಯನ್ನು ರಸ್ತೆಗೆ ತಂದು ನಂತರ ಜೋಡಿಸುತ್ತಾರೆ. ಅವರು ನಿಮ್ಮ ಸೂತ್ರ ಓದಿಲ್ಲ, ಹಿಡಿತದ ಲೆಕ್ಕ ಅವರಿಗೆ ಗೊತ್ತಿದೆ. ರಸ್ತೆ ಏರಿದರೆ ಶೇ. 4ರ ಇಳಿಜಾರಿಗೂ 800 ಕೆಜಿ ಹೆಚ್ಚುತ್ತದೆ. ಇಳಿಯುವಾಗ ಆ ಬಲವೇ ಹಿಂದಿನಿಂದ ನೂಕುತ್ತದೆ. ಎಳೆಯುವ ಶಕ್ತಿಯಂತೆ ನಿಲ್ಲಿಸುವ ತೂಕ ಮತ್ತು ಬ್ರೇಕ್ ಕೂಡ ಗಾತ್ರದ ಲೆಕ್ಕದಲ್ಲಿರಬೇಕು. ಹೀಗೆ ಟ್ರಾಲಿಗಾಗಿ 50 ಎಚ್.ಪಿ. ಮೇಲಿನದನ್ನು ಕೊಂಡವನು ಬೇಸಿಗೆಯಲ್ಲಿ ಎರಡು ಕುಳದ ನೇಗಿಲು ಕಟ್ಟಿದಾಗ ಶಕ್ತಿಯ ಒಂದು ಪಾಲು ಮಲಗಿರುತ್ತದೆ. ಅವನ ಆಯ್ಕೆ ತಪ್ಪಲ್ಲ, ಅವನ ನೇಗಿಲು ಚಿಕ್ಕದು.

ಕೊನೆಯದಾಗಿ ಒಂದು ಅಭ್ಯಾಸ. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸಂಸ್ಥೆಯ ಟ್ರ್ಯಾಕ್ಟರ್ ಪರೀಕ್ಷಾ ವರದಿಯನ್ನು ಓದುವಾಗ ಎಚ್.ಪಿ.ಗೆ ನಿಲ್ಲದೆ ಎಳೆತದ ಅಂಕಿಗೂ ಇಳಿಯಿರಿ. ಅದು ಕಾಂಕ್ರೀಟಿನ ಮೇಲಿನ ಅಂಕಿ; ಎರಿ ಹೊಲದಲ್ಲಿ ಅಷ್ಟು ಸಿಗದು ಎಂದು ನೆನಪಿಡಿ. ಹೊಲದಲ್ಲಿ ಎಷ್ಟು ಸಿಗುತ್ತದೆ ಎಂದು ತಿಳಿಯಲು ಒಂದು ಸುಣ್ಣದ ಕಡ್ಡಿ ಸಾಕು. ಹಿಂದಿನ ಟಯರಿಗೆ ಗೆರೆ ಎಳೆಯಿರಿ. ನೇಗಿಲು ಎತ್ತಿ 10 ಸುತ್ತು ಓಡಿಸಿ ದೂರ ಅಳೆಯಿರಿ, 40 ಮೀಟರ್ ಬಂತು ಅನ್ನಿ. ನೇಗಿಲು ಇಳಿಸಿ ಮತ್ತೆ 10 ಸುತ್ತು; 34 ಬಂದರೆ ಜಾರು ಶೇ. 15, ಅಲ್ಲಿಗೆ ನಿಲ್ಲಿ. 30 ಬಂದರೆ ತೂಕ ಏರಿಸಿ, ಇಲ್ಲ ಆಳ ಇಳಿಸಿ. 38 ಬಂದರೆ ಇನ್ನೂ ಎಳೆಯುವ ಬಲ ಉಳಿದಿದೆ. ದೊಡ್ಡ ನೇಗಿಲು ಕಟ್ಟಿ, ಇಲ್ಲವೆ ಕಟ್ಟಿದ ತೂಕ ಇಳಿಸಿ.

ಇಂದು ಮಧ್ಯಾಹ್ನ ಹೊಲಕ್ಕೆ ಹೋಗುವಾಗ ಒಬ್ಬೊಬ್ಬರೂ ಸುಣ್ಣದ ಕಡ್ಡಿ ಹಿಡಿದು ಬನ್ನಿ. ಎಚ್.ಪಿ.ಯ ಚರ್ಚೆ ಟಯರಿನ ಮೇಲಿನ ಆ ಗೆರೆಯ ಮುಂದೆ ಮಾಡೋಣ.