ರಿಪೋರ್ಟಿನ ಕೊನೆಯ ಅಂಕಿ

ಮ್ಯಾಮೊಗ್ರಾಮ್ ರಿಪೋರ್ಟಿನ ಕೊನೆಯಲ್ಲಿ ಬೈ-ರಾಡ್ಸ್ ಅಂತ 0ಯಿಂದ 6ರವರೆಗಿನ ಒಂದು ಅಂಕಿ ಇರುತ್ತದೆ. ಅದು ಕ್ಯಾನ್ಸರಿನ ಸ್ಟೇಜ್ ಅಲ್ಲ. ಮುಂದೇನು ಮಾಡಬೇಕು ಎಂಬ ಸೂಚನೆ.

ಹೆಚ್ಚು ಜನ ಎಡವುವುದು 0ಯಲ್ಲಿ. ಸೊನ್ನೆ ಅಂದರೆ ಏನೂ ಇಲ್ಲ ಅಂತ ಫೈಲ್ ಮುಚ್ಚಿಡುತ್ತಾರೆ. ನಿಜವಾದ ಅರ್ಥ, ಪರೀಕ್ಷೆ ಇನ್ನೂ ಮುಗಿದಿಲ್ಲ. 45ರ ಒಬ್ಬಾಕೆಗೆ 0 ಬಂತು ಅನ್ನಿ. ಒಳಗೊಂದು ದುಂಡನೆಯ ನೆರಳಿದೆ. ಅಲ್ಟ್ರಾಸೌಂಡಿನಲ್ಲಿ ಅದು ಬರೀ ನೀರುಗುಳ್ಳೆ ಎಂದು ಕಂಡರೆ ಅಂಕಿ 2 ಆಗುತ್ತದೆ. 1ರಂತೆ ಇದಕ್ಕೂ ಮಾಮೂಲಿ ತಪಾಸಣೆ ಸಾಕು. ನಯವಾದ ಅಂಚಿನ ಗಟ್ಟಿ ಗಂಟಾಗಿದ್ದರೆ 3 ಬರಬಹುದು. ಕ್ಯಾನ್ಸರ್ ಸಾಧ್ಯತೆ ನೂರಕ್ಕೆ 2ಕ್ಕಿಂತ ಹೆಚ್ಚಿಲ್ಲ, ಆದರೆ ಆರು ತಿಂಗಳಿಗೆ ಮತ್ತೆ ನೋಡಬೇಕು. ಆ ಆರು ತಿಂಗಳು ದಸರಾ, ದೀಪಾವಳಿ, ಮಕ್ಕಳ ಪರೀಕ್ಷೆ ಅಂತ ವರ್ಷವಾಗಬಾರದು. ಗಂಟು ಬೆಳೆದಿದೆಯೇ ಎಂದು ತಿಳಿಯುವುದು ಹಳೆಯ ಚಿತ್ರದ ಪಕ್ಕ ಇಟ್ಟಾಗ; ವರ್ಗಾವಣೆಯಾದರೆ ಆ ಫಿಲ್ಮನ್ನೂ ಕಟ್ಟಿಕೊಳ್ಳಿ.

ಅಂಚು ಒರಟಾಗಿದ್ದರೆ 4 ಅಥವಾ 5. ಸೂಜಿಯಿಂದ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. 4ರ ಹರವು ದೊಡ್ಡದು: 4ಎ ಆದರೆ ನೂರಕ್ಕೆ 2ರಿಂದ 10, 4ಸಿ ಆದರೆ 50ರಿಂದ 95. ಬರೀ 4 ಅಂತಿದ್ದರೆ ಯಾವ ಅಕ್ಷರ ಎಂದು ಕೇಳಿ. 5ರಲ್ಲಿ 95ಕ್ಕೂ ಮೇಲೆ. ಕ್ಯಾನ್ಸರ್ ಬಯಾಪ್ಸಿಯಲ್ಲಿ ಆಗಲೇ ಖಚಿತವಾದವರಿಗೆ ಮಾತ್ರ 6.

ಇನ್ನೊಂದು, ಕೈಗೆ ಗಂಟು ಸಿಗುತ್ತಿದ್ದರೆ ರಿಪೋರ್ಟ್ 1 ಎಂದರೂ ಡಾಕ್ಟರಿಗೆ ತೋರಿಸಿ.