ಕಣ್ಣಿನ ಶಿಬಿರಕ್ಕೆ ಎಂಥ ಘೋಷಣೆ ಬರೆಯಬೇಕು?
(ಶಿಬಿರದ ಪೂರ್ವಸಿದ್ಧತಾ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ಅಂಗವಾಗಿ ನಮ್ಮ ವಡ್ಡು ಗ್ರಾಮದ ಸಮುದಾಯ ಭವನದಲ್ಲಿ ಹಿರಿಯ ನಾಗರಿಕರಿಗೆ ಉಚಿತ ಕಣ್ಣು ತಪಾಸಣಾ ಶಿಬಿರ ನಡೆಸಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಘೋಷಣೆ ಬರೆಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ. ಸಾಹಿತಿ ಅಲ್ಲ. ಆದರೆ ಹುಡುಗರು ಬರೆದುಕೊಂಡು ಬಂದ ಚೀಟಿಗಳನ್ನು ಓದಿದ ಮೇಲೆ ಕೆಲವು ಮಾತು ಹೇಳಲೇಬೇಕು ಅನ್ನಿಸಿತು.

ಮೊದಲನೇ ಚೀಟಿಯಲ್ಲಿ 'ನೇತ್ರದಾನ ಮಹಾದಾನ' ಅಂತಿದೆ. ಒಳ್ಳೇ ಮಾತೇ, ಆದರೆ ಈ ಶಿಬಿರಕ್ಕಲ್ಲ. ಅದು ಸತ್ತ ಮೇಲೆ ಕಣ್ಣು ಕೊಡುವ ಮಾತು. ಮೊದಲೇ 'ಕಣ್ಣಿಗೆ ಕತ್ತರಿ ಹಾಕ್ತಾರಂತೆ' ಎಂದು ಹೆದರಿ ಕೂತಿರುವ ಅಜ್ಜಿಗೆ ಇದನ್ನು ಓದಿ ಹೇಳಿದರೆ ಆಕೆ ಭವನದ ಕಡೆ ತಲೆ ಸಹ ಹಾಕುವುದಿಲ್ಲ. ಇನ್ನೊಂದರಲ್ಲಿ 'ಕಣ್ಣೇ ಬದುಕಿನ ಬೆಳಕು' ಅಂತಿದೆ. ಕಣ್ಣು ಕಾಣದವರಿಗೆ ಅದನ್ನು ನಾವು ಹೇಳಿಕೊಡಬೇಕೇನ್ರಿ? ಅದನ್ನು ಓದಿದವರು ಏನು ಮಾಡಬೇಕು ಅನ್ನುವುದೇ ಅದರಲ್ಲಿಲ್ಲ.

ಇನ್ನೊಂದು ಸಂಗತಿ ನಮಗ್ಯಾರಿಗೂ ಹೊಳೆದಿಲ್ಲ. ಪೊರೆ ಬಂದವರಿಗೆ ಗೋಡೆ ಬರಹ ಕಾಣುವುದಿಲ್ಲ. ನಾವು ಯಾರಿಗಾಗಿ ಬರೆಯುತ್ತೇವೋ ಅವರು ಓದಲಾರರು. ಓದುವವರು ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಕ್ಕಳು. ಆದ್ದರಿಂದ ಗೋಡೆಯ ಮಾತು ಅವರನ್ನೇ ಕರೆದು ಹೇಳಬೇಕು. ಅಜ್ಜ-ಅಜ್ಜಿಗೆ ಹೇಳುವ ಮಾತನ್ನು ಆಟೋದ ಮೈಕಿನಲ್ಲಿ, ಡಂಗುರದಲ್ಲಿ ಹೇಳಿಸಬೇಕು. ಎರಡಕ್ಕೂ ಒಂದೇ ಘೋಷಣೆ ಸಾಲದು.

ಗೋಡೆಗೆ ನಾನು ಯೋಚಿಸಿದ್ದು ಇದು: 'ಇಪ್ಪತ್ತು ಅಡಿ ದೂರ ನಿಲ್ಲಿ, ಅಜ್ಜನಿಗೆ ಬೆರಳು ತೋರಿಸಿ. ಎಣಿಸಲು ಬಾರದಿದ್ದರೆ ಶಿಬಿರಕ್ಕೆ ಕರೆತನ್ನಿ.' ಇದು ಹಳ್ಳಿಗಳಲ್ಲಿ ಕಾರ್ಯಕರ್ತರು ಮಾಡುವ ಪರೀಕ್ಷೆಯೇ. ಹಗಲು ಬೆಳಕಿನಲ್ಲಿ ಅಂಗಳದಲ್ಲಿ ಕೂರಿಸಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಎರಡು ಬೆರಳು, ಮೂರು ಬೆರಳು ಬದಲಾಯಿಸಿ ತೋರಿಸಬೇಕು. ಆಮೇಲೆ ಇನ್ನೊಂದು ಕಣ್ಣು. ಒಂದು ಕಣ್ಣು ಪೂರಾ ಹೋಗಿದ್ದರೂ ಇನ್ನೊಂದರ ಬಲದಲ್ಲಿ 'ನನಗೇನಾಗಿಲ್ಲ ಬಿಡು' ಅನ್ನುವವರು ಊರಲ್ಲಿ ಬಹಳ ಇದ್ದಾರೆ. ಬೇರೆ ಬೇರೆ ಮುಚ್ಚಿ ನೋಡಿದಾಗಲೇ ಅದು ಗೊತ್ತಾಗುವುದು. ಎಣಿಸಿದರು ಅಂದಮಾತ್ರಕ್ಕೆ ಕಣ್ಣು ಸರಿ ಇದೆ ಅಂತಲ್ಲ. ಎಣಿಸದವರನ್ನು ಮಾತ್ರ ಮನೆಯಲ್ಲಿ ಕೂರಿಸಲೇಬಾರದು.

ಇನ್ನು ಮೈಕಿನ ಮಾತು. ಆಟೋ ಮನೆ ಮುಂದೆ ಹಾದು ಹೋಗುವಷ್ಟರಲ್ಲಿ ಕೇಳುವುದು ಒಂದೇ ವಾಕ್ಯ. ಮುದುಕರಿಗೆ ಕಿವಿಯೂ ಮಂದ. ಹಾಗಾಗಿ ಕಟ್ಟೆ, ಹೋಟೆಲು, ಗುಡಿ ಇರುವಲ್ಲಿ ಗಾಡಿ ನಿಲ್ಲಿಸಿ, ಒಂದೇ ಉಸಿರಿನ ಮಾತನ್ನು ಮೂರು ಸಲ ಹೇಳಬೇಕು. ಅದು ಅವರ ಮನಸ್ಸಿನಲ್ಲಿರುವ ಒಂದು ಹೆದರಿಕೆಗೆ ಉತ್ತರವಾಗಿರಬೇಕು.

ದೊಡ್ಡ ಅಡ್ಡಿ ಎಂದರೆ 'ಪೊರೆ ಇನ್ನೂ ಹಣ್ಣಾಗಿಲ್ಲ' ಅನ್ನುವ ಮಾತು. ಇದನ್ನು ಮೂಢನಂಬಿಕೆ ಅಂತ ನಗಬೇಡಿ. ಒಂದು ಕಾಲಕ್ಕೆ ಡಾಕ್ಟರೇ ಹೇಳುತ್ತಿದ್ದ ಮಾತು ಅದು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಸಾಮೂಹಿಕ ಶಿಬಿರ ಮಾಡಿ ಪೊರೆ ತೆಗೆದಿದ್ದು ನಮ್ಮ ಹಿರಿಯರಿಗೆ ನೆನಪಿದೆ. ಆ ಕಾಲದಲ್ಲಿ ಪೊರೆಗಟ್ಟಿದ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು, ಅದರ ಜಾಗಕ್ಕೆ ಬೇರೆ ಏನೂ ಇಡುತ್ತಿರಲಿಲ್ಲ. ಆಪರೇಷನ್ ಆದವರು ಸೋಡಾ ಬಾಟಲಿ ತಳದಂಥ ದಪ್ಪ ಕನ್ನಡಕ ಹಾಕಲೇಬೇಕಿತ್ತು. ಅರ್ಧಂಬರ್ಧ ಕಾಣುವವರಿಗೆ ಅದರಿಂದ ಲಾಭ ಕಡಿಮೆ, ಅದಕ್ಕೇ ಕಾಯಿ ಅಂದರು. ಈಗ ಚಿಕ್ಕದಾಗಿ ಕೊಯ್ದು, ಒಳಗಿನ ಪೊರೆ ತೆಗೆದು, ಅದೇ ಜಾಗಕ್ಕೆ ಕೃತಕ ಲೆನ್ಸ್ ಕೂರಿಸುತ್ತಾರೆ. ಹಣ್ಣಾಗುವ ತನಕ ಕಾದರೆ ಪೊರೆ ಗಟ್ಟಿಯಾಗಿ ತೆಗೆಯುವುದು ಕಷ್ಟವಾಗುತ್ತದೆ. ವಿಪರೀತ ಬಲಿತರೆ ಊದಿಕೊಂಡು ಅಥವಾ ಸೋರಿ, ಕಣ್ಣಿನ ಒತ್ತಡ ಏರಿ, ಕಣ್ಣು ಕೆಂಪಾಗಿ ತಲೆ ಸಿಡಿಯುವಷ್ಟು ನೋವು ಬಂದು, ಇದ್ದ ದೃಷ್ಟಿಯೂ ಹೋಗಬಹುದು.

ಇಷ್ಟನ್ನೂ ಮೈಕಿನಲ್ಲಿ ಹೇಳಲಾಗುವುದಿಲ್ಲ. ಹುಡುಗರು ಬರೆದದ್ದು: 'ಕಣ್ಣಿನ ಪೊರೆಯ ಬಗ್ಗೆ ಜಾಗೃತಿ ವಹಿಸಿ, ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ.' ಇದು ಇಲಾಖೆಯ ಸುತ್ತೋಲೆ ಇದ್ದ ಹಾಗಿದೆ. ನಾನು ಮೊದಲು 'ಹಣ್ಣಾಗಲಿ ಅಂತ ಕಾಯಬೇಡಿ' ಅಂತ ತಿದ್ದಿದೆ. ಯಾವ ಹಣ್ಣು ಅಂತ ಕೇಳಿದರು. 'ಪೊರೆ' ಸೇರಿಸಿದೆವು. ಎಲ್ಲಿಗೆ ಬರಬೇಕು ಅನ್ನುವುದು ಉಳಿಯಿತು. ಕೊನೆಗೆ ಆದದ್ದು: 'ಪೊರೆ ಹಣ್ಣಾಗಲಿ ಅಂತ ಕಾಯಬೇಡ್ರಿ, ಸಮುದಾಯ ಭವನಕ್ಕೆ ಬರ್ರಿ!' ಏಳೇ ಮಾತು. ಹಿಂದೆ ದಿನ, ಹೊತ್ತು ಸೇರಿಸಿದರೆ ಆಯಿತು.

ಎರಡನೇ ಹೆದರಿಕೆ, ಭವನದಲ್ಲೇ ಮಲಗಿಸಿ ಕೊಯ್ಯುತ್ತಾರೆ ಅನ್ನುವುದು. ಹಿಂದೆ ಶಾಲೆ, ಛತ್ರಗಳಲ್ಲಿ ಆಪರೇಷನ್ ಆಗುತ್ತಿದ್ದದ್ದು ನಿಜ. ಈಗ ಸೋಂಕಿನ ಭಯದಿಂದ ಅದು ಆಸ್ಪತ್ರೆಯ ಥಿಯೇಟರಿನಲ್ಲೇ. 'ಇಲ್ಲಿ ನೋಡುವುದು ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲೇ' ಅಂತ ಸಾರಿಸಿರಿ.

'ಎಲ್ಲರಿಗೂ ಮರಳಿ ದೃಷ್ಟಿ' ಎಂದು ಮಾತ್ರ ಯಾರೂ ಬರೆಯಬೇಡಿ. ಪೊರೆ ತೆಗೆದರೆ ಕಾಣುತ್ತದೆ, ಸರಿ. ಆದರೆ ಗ್ಲಾಕೋಮಾದಲ್ಲಿ ಕಣ್ಣಿನ ನರ ಒಣಗುತ್ತದೆ, ಹೋದ ದೃಷ್ಟಿ ಹೋದದ್ದೇ. ಹನಿ ಔಷಧಿ ಹಾಕಿ ಉಳಿದದ್ದನ್ನು ಕಾಪಾಡಬಹುದು ಅಷ್ಟೆ. ಅದು ಹೆಚ್ಚಾಗಿ ನೋವಿಲ್ಲದೆ ಬರುತ್ತದೆ, ಅದಕ್ಕೇ ತಪಾಸಣೆ. ಸಕ್ಕರೆ ಕಾಯಿಲೆಯಿಂದ ಕೆಟ್ಟ ಪರದೆಯೂ ಹಾಗೆಯೇ, ತಡವಾದಷ್ಟೂ ನಷ್ಟ. ಆಸೆ ಹುಟ್ಟಿಸಿ ಕರೆದು, ಒಬ್ಬ ಅಜ್ಜನಿಗೆ ಇಲ್ಲ ಅಂದರೆ ಮುಂದಿನ ಶಿಬಿರಕ್ಕೆ ಆ ಓಣಿಯಿಂದ ಯಾರೂ ಬರುವುದಿಲ್ಲ. ಹಾಗೆಯೇ 'ಉಚಿತ' ಅಂದರೆ ಏನೇನು ಉಚಿತ ಅಂತ ಬಿಡಿಸಿ ಬರೆಯಿರಿ. ತಪಾಸಣೆ ಉಚಿತ. ಕನ್ನಡಕದ ವಿಷಯ ಡಾಕ್ಟರು ಒಪ್ಪಿದ ಮೇಲೆಯೇ ಗೋಡೆ ಹತ್ತಲಿ.

ಇನ್ನೊಂದು ಮಾತು ಗೋಡೆಗೂ ಬೇಕು, ಮೈಕಿಗೂ ಬೇಕು: 'ಒಬ್ಬರೇ ಬರಬೇಡ್ರಿ. ಹಳೇ ಕನ್ನಡಕ, ಮಾತ್ರೆ ಚೀಟಿ, ಆಧಾರ್ ಕಾರ್ಡ್ ತರ್ರಿ.' ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ತಾಸು ಕಣ್ಣು ಮಂಜು, ಬಿಸಿಲು ಚುಚ್ಚುತ್ತದೆ. ಆ ಸ್ಥಿತಿಯಲ್ಲಿ ರಸ್ತೆ ದಾಟುವುದಾಗಲೀ ಗಾಡಿ ಹೊಡೆಯುವುದಾಗಲೀ ಬೇಡ. ಮಾತ್ರೆ ಚೀಟಿ ಇದ್ದರೆ ಬಿ.ಪಿ., ಸಕ್ಕರೆ ವಿಷಯ ಡಾಕ್ಟರಿಗೆ ತಿಳಿಯುತ್ತದೆ. ಹಳೇ ಕನ್ನಡಕದಿಂದ ನಂಬರು ಎಷ್ಟು ಬದಲಾಗಿದೆ ಅನ್ನುವುದು ಗೊತ್ತಾಗುತ್ತದೆ.

ಬರೆಯುವವರಿಗೆ ಎರಡು ಸೂಚನೆ. ಐವತ್ತು ಅಡಿ ದೂರದಿಂದ ಓದಬೇಕಾದರೆ ಅಕ್ಷರ ಐದು ಅಂಗುಲಕ್ಕೆ ಕಡಿಮೆ ಇರಬಾರದು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟು ಗೆರೆ ಹೊಡೆಯಿರಿ, ಇಲ್ಲದಿದ್ದರೆ ಸಾಲಿಗೆ ಸಾಲು ಸಿಕ್ಕಿಕೊಳ್ಳುತ್ತದೆ. ಕೆಂಪು ಬಣ್ಣ ಬೇಡ, ನಮ್ಮ ಸೀಮೆಯ ಅದಿರಿನ ಧೂಳಿಗೆ ಗೋಡೆಯೂ ಅದೇ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಸುಣ್ಣದ ಮೇಲೆ ಕಡು ನೀಲಿ ಅಥವಾ ಕಪ್ಪು ಇರಲಿ.

ಒಂದು ಘೋಷಣೆ ಮಾತ್ರ ಗೋಡೆಗೆ ಹೋಗುವುದಿಲ್ಲ, ಚೀಟಿಯಲ್ಲಿ ಅಚ್ಚಾಗಿ ಆಪರೇಷನ್ ಆದವರ ಮನೆಗೆ, ಸೊಸೆಯ ಕೈಗೆ ಹೋಗುತ್ತದೆ: 'ಹನಿ ತಪ್ಪಿಸಬೇಡಿ, ಕಣ್ಣು ಉಜ್ಜಬೇಡಿ, ನೋವು ಬಂದರೆ, ಕೆಂಪಾದರೆ, ಮಂಜಾದರೆ ಅಂದೇ ಆಸ್ಪತ್ರೆಗೆ.' ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಹಾಕಬಾರದು ಅಂತ ಅದರ ಬೆನ್ನಿಗೆ ಬರೆಸಿದ್ದೇವೆ. ಗೋಡೆ ಬರೆಯುವ ಹುಡುಗರು ನಾಳೆ ಸಂಜೆ ಸಂಘದ ಗೋದಾಮಿನ ಹತ್ತಿರ ಬರ್ರಿ, ಸುಣ್ಣ, ಬಣ್ಣ, ಏಣಿ ಅಲ್ಲೇ ಇರುತ್ತವೆ. ಗೋಡೆಯ ಯಜಮಾನರನ್ನು ಒಂದು ಮಾತು ಕೇಳಿಯೇ ಬ್ರಷ್ ಹಚ್ಚಿರಿ.