ಹಗುರ ಕೆಲಸ ಎಂದರೆ ಯಾವ ಕೆಲಸ?

ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಹೆಸರಾಗಿರುವುದು ತನ್ನ ದನದ ತಳಿಗೆ, ಅದರಷ್ಟೇ ಕೊಬ್ಬರಿಗೆ. ಊರ ಸುತ್ತ ಕಣಗಳಲ್ಲಿ ಕೊಬ್ಬರಿ ಒಣಗುತ್ತಿರುತ್ತದೆ. ಒಣಗಿದ್ದು ಮೂಟೆಯಾಗಿ ಎಣ್ಣೆ ಗಿರಣಿ ಸೇರುತ್ತದೆ. ಕಣದಿಂದ ಲಾರಿಗೆ, ಲಾರಿಯಿಂದ ಗೋದಾಮಿಗೆ, ಅಲ್ಲಿಂದ ಎಕ್ಸ್‌ಪೆಲ್ಲರಿನ ಬಾಯಿಗೆ, ಪ್ರತಿ ಹಂತದಲ್ಲೂ ಯಾರದೋ ಬೆನ್ನು ಬಾಗಬೇಕು.

ಪಕ್ಕದ ಈರೋಡ್ ಜಿಲ್ಲೆಯ ತಾಳವಾಡಿ ಕಡೆಯಿಂದ ಅಲ್ಲಿಗೆ ಕೂಲಿಗೆ ಹೋದ ಕನ್ನಡದ ಹಮಾಲನೊಬ್ಬನನ್ನು ಊಹಿಸಿಕೊಳ್ಳೋಣ. ಮೂಟೆ ಎತ್ತುವಾಗ ಸೊಂಟ ಹಿಡಿಯಿತು. ಎರಡು ವಾರ ಮನೆಯಲ್ಲಿದ್ದ. ಈಗ ನಡೆಯಬಲ್ಲ, ಆದರೆ ಮೂಟೆ ಎತ್ತಲಾರ. ಸೂಪರ್‌ವೈಸರಿಗೆ ಪತ್ರ ಬರೆಯಬೇಕು. ತಮಿಳು ಬರೆಯಬಲ್ಲ ಗೆಳೆಯ ಪೆನ್ನು ಹಿಡಿದು ಕೂತಿದ್ದಾನೆ. ಇವನು ಹೇಳಿಸುವ ಮೊದಲ ಮಾತು, "ಸಾರ್, ಕೆಲವು ದಿನ ಹಗುರ ಕೆಲಸ ಕೊಡಿ."

ತೊಂದರೆ ಶುರುವಾಗುವುದು ಈ ಮಾತಿನಿಂದಲೇ. ಸೂಪರ್‌ವೈಸರ್ ಒಳ್ಳೆಯವರೇ ಇರಬಹುದು. ಅವರು ಕೈಗೆ ಪೊರಕೆ ಕೊಡುತ್ತಾರೆ, ಇಲ್ಲವೇ ನೆಲದಲ್ಲಿ ಕೂತು ಬೂಸ್ಟು ಹಿಡಿದ ಕೊಬ್ಬರಿ ಆರಿಸಲು ಹೇಳುತ್ತಾರೆ. ಎರಡರಲ್ಲೂ ಭಾರವಿಲ್ಲ. ಆದರೆ ಗಿಡ್ಡ ಪೊರಕೆ ಹಿಡಿದವನು ಹೊತ್ತೆಲ್ಲ ಬಗ್ಗಿರಬೇಕು. ನೆಲದಲ್ಲಿ ಕೂತವನು ಮುಂದಕ್ಕೆ ಬಾಗಿಯೇ ಇರಬೇಕು. ಸೊಂಟದ ನೋವಿಗೆ ಮೂಟೆಯ ತೂಕವೊಂದೇ ಕಾರಣವಲ್ಲ. ಬಗ್ಗುವುದು, ಬಗ್ಗಿದಲ್ಲೇ ತಿರುಗುವುದು, ಒಂದೇ ಭಂಗಿಯಲ್ಲಿ ಉಳಿಯುವುದು ಕೂಡ ಅದನ್ನು ಕೆರಳಿಸುತ್ತವೆ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯೊಂದು 1991ರಲ್ಲಿ ಭಾರ ಎತ್ತುವುದರ ಲೆಕ್ಕವೊಂದನ್ನು ಪರಿಷ್ಕರಿಸಿತು. ಹೊರೆ ಮೈಗೆ ಅಂಟಿಕೊಂಡಿದ್ದು, ಸೊಂಟದ ಎತ್ತರದ ಆಸುಪಾಸಿನಲ್ಲಿದ್ದು, ಮೈ ತಿರುಚದೆ, ಅಪರೂಪಕ್ಕೊಮ್ಮೆ ಎತ್ತುವುದಾದರೆ 23 ಕಿಲೋ ಮಿತಿ. ಅದೇ ಹೊರೆಯನ್ನು ಕಣಕಾಲಿನಿಂದ 50 ಸೆಂಟಿಮೀಟರ್ ಮುಂದೆ ಚಾಚಿ ಹಿಡಿದರೆ ಮಿತಿ ಅರ್ಧಕ್ಕಿಳಿಯುತ್ತದೆ, ಹನ್ನೊಂದೂವರೆ ಕಿಲೋ. ಇದು ಬೆನ್ನು ಸರಿಯಿರುವವರ ಲೆಕ್ಕ. ಕೊಬ್ಬರಿ ಮೂಟೆಯೋ 50 ಕಿಲೋ ಆಸುಪಾಸು.

ಹಾಗಾಗಿ ಪತ್ರದಲ್ಲಿ ಇರಬೇಕಾದದ್ದು ಮೈ ಏನು ಮಾಡಬಲ್ಲದು, ಏನು ಮಾಡಲಾರದು ಎಂಬ ವಿವರ. ಗೆಳೆಯ ಬರೆದ ಕಾಗದ ಹರಿದು ಮತ್ತೆ ಬರೆಯುತ್ತಾನೆ: "ಇಂಥ ತಾರೀಖು ಗೋದಾಮಿನಲ್ಲಿ ಮೂಟೆ ಎತ್ತುವಾಗ ಸೊಂಟಕ್ಕೆ ಪೆಟ್ಟಾಯಿತು. ಡಾಕ್ಟರ ಚೀಟಿ ಜೊತೆಗಿದೆ. ನಾಲ್ಕು ವಾರ ಐದು ಕಿಲೋಗಿಂತ ಹೆಚ್ಚು ಎತ್ತಬಾರದು, ನೆಲದಿಂದ ಏನನ್ನೂ ಎತ್ತಬಾರದು, ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮ ಕೂರಬಾರದು ಎಂದಿದ್ದಾರೆ. ತೂಕದ ಚೀಟಿ ಬರೆಯುವುದು, ಮೇಜಿನ ಮೇಲೆ ಎಣ್ಣೆ ಡಬ್ಬಕ್ಕೆ ಲೇಬಲ್ ಅಂಟಿಸುವುದು, ಎಕ್ಸ್‌ಪೆಲ್ಲರ್ ನೋಡಿಕೊಳ್ಳುವುದು, ಇವು ನನ್ನಿಂದ ಆಗುತ್ತವೆ. ಎರಡು ವಾರ ಕಳೆದ ಮೇಲೆ ಮತ್ತೆ ತೋರಿಸಿಕೊಂಡು ಬರುತ್ತೇನೆ." ಈ ಕಿಲೋ, ಈ ವಾರಗಳು ಅವನ ಡಾಕ್ಟರು ಹೇಳಿದವು. ಇನ್ನೊಬ್ಬರ ಬೆನ್ನಿಗೆ ಬೇರೆ ಬರುತ್ತವೆ.

ಪೂರ್ತಿ ವಾಸಿಯಾಗುವವರೆಗೆ ಮಲಗಿರಲಿ ಎನ್ನುವವರಿದ್ದಾರೆ. ಆದರೆ ಸಾಮಾನ್ಯ ಸೊಂಟದ ಉಳುಕಿಗೆ ಹಾಸಿಗೆ ಹಿಡಿಯುವುದು ಮದ್ದಲ್ಲ ಎಂಬುದು ಇಂದಿನ ವೈದ್ಯರ ಮಾತು. ಆದಷ್ಟು ಓಡಾಡಿಕೊಂಡಿದ್ದವರೇ ಬೇಗ ಸುಧಾರಿಸುತ್ತಾರೆ. ಆದರೆ ಕಾಲು ಸೋತರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಕೆಲಸದ ಮಾತು ಬಿಟ್ಟು ತಕ್ಷಣ ಆಸ್ಪತ್ರೆಗೆ ಓಡಬೇಕು.

ಇನ್ನು ಕೂಲಿಯ ಪ್ರಶ್ನೆ. ಬೆನ್ನಿನಷ್ಟೇ ನೋಯುವ ಪ್ರಶ್ನೆ ಇದು. ಕೆಲಸದಲ್ಲಿ ಪೆಟ್ಟಾಗಿ ದುಡಿಯಲಾಗದ ದಿನಗಳಿಗೆ ಇಎಸ್‌ಐ ಕೂಲಿಯ ಶೇಕಡಾ 90ರಷ್ಟು ಕೊಡುತ್ತದೆ. ಗುತ್ತಿಗೆದಾರನ ಕೈಕೆಳಗಿನ ಕೂಲಿಯಾಳಿನ ಇಎಸ್‌ಐ ವಂತಿಗೆಗೂ ಮೂಲ ಮಾಲೀಕರು ಹೊಣೆ. ಆದರೆ ಕೆಲಸ ಮಾಡಿ ಕೂಲಿ ಪಡೆದ ದಿನಕ್ಕೆ ಆ ಹಣವಿಲ್ಲ. ಅರ್ಧ ದುಡಿದವನಿಗೆ ಅರ್ಧ ಪರಿಹಾರ ಎಂಬ ಏರ್ಪಾಡೂ ಇಲ್ಲ. ಮೂಟೆ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದವನು ಲೇಬಲ್ ಅಂಟಿಸಲು ಕೂತರೆ ಸಂಪಾದನೆ ಇಳಿಯಬಹುದು. ಮನೆಯಲ್ಲಿ ಉಳಿದಿದ್ದರೇ ಹೆಚ್ಚು ಸಿಗುತ್ತಿತ್ತೇನೋ ಎಂಬ ಸ್ಥಿತಿ. ಬೇಗ ಕೆಲಸಕ್ಕೆ ಮರಳಿದವನಿಗೇ ನಷ್ಟವಾಗುವುದು ಅನ್ಯಾಯ. ಅದನ್ನು ಸರಿಪಡಿಸುವುದು ಸದ್ಯಕ್ಕೆ ಸೂಪರ್‌ವೈಸರ್ ಮತ್ತು ಮಾಲೀಕರ ಕೈಯಲ್ಲಿದೆ. ಆದ್ದರಿಂದ ಪತ್ರದಲ್ಲಿ ಇನ್ನೊಂದು ಸಾಲು ಬೇಕು: ಈ ನಾಲ್ಕು ವಾರಕ್ಕೆ ದಿನಗೂಲಿ ಎಷ್ಟು ಎಂದು ಬರೆದು ತಿಳಿಸಿ.

ಪತ್ರಕ್ಕೆ ಎರಡು ಪ್ರತಿ. ಒಂದು ಸೂಪರ್‌ವೈಸರಿಗೆ. ಇನ್ನೊಂದರ ಮೇಲೆ ತಲುಪಿದ ತಾರೀಖು, ಅವರ ಸಹಿ. ಅಪಘಾತದ ವರದಿ ಇಎಸ್‌ಐ ಕಚೇರಿಗೆ ಹೋಗಿದೆಯೇ ಎಂದು ಆಗಲೇ ಕೇಳಿಬಿಡಬೇಕು. ಅದು ಹೋಗಿರದಿದ್ದರೆ, ಆರು ತಿಂಗಳ ಮೇಲೆ ನೋವು ಮರುಕಳಿಸಿದಾಗ ಅದು ಗಿರಣಿಯಲ್ಲೇ ಆದ ಪೆಟ್ಟು ಎಂದು ತೋರಿಸುವುದು ಅವನಿಗೆ ಬಹಳ ಕಷ್ಟವಾಗುತ್ತದೆ.